ದೀಪಾವಳಿ ಹಿಂದೆ ಮುಂದೆ ಆದಾಗ ಮಾರಾಟದ ಗೆರೆ ಏನು ಹೇಳುತ್ತದೆ?

ಬಟ್ಟೆ ಅಂಗಡಿಯ ಮಾರಾಟ ಮದುವೆ ಸೀಸನ್‌ಗೆ, ಹಬ್ಬಕ್ಕೆ ಏರುತ್ತದೆ, ಪಿತೃಪಕ್ಷದಲ್ಲಿ ಇಳಿಯುತ್ತದೆ. ಇದು ಇದ್ದದ್ದೇ. ಈ ಏರಿಳಿತದ ಕೆಳಗೆ ವ್ಯಾಪಾರ ನಿಜವಾಗಿ ಬೆಳೀತಿದೆಯಾ ಅಂತ ನೋಡೋಕೆ ಮೂವಿಂಗ್ ಆವರೇಜ್ ಹಾಕುತ್ತೇವೆ, ಅಂದರೆ ಪ್ರತಿ ತಿಂಗಳೂ ಕಳೆದ ಕೆಲವು ತಿಂಗಳ ಮಾರಾಟದ ಸರಾಸರಿ ತೆಗೆದು ಗ್ರಾಫ್‌ನಲ್ಲಿ ಗೆರೆ ಎಳೆಯುತ್ತೇವೆ. ಹಾಕುವುದಾದರೆ 12 ತಿಂಗಳದ್ದೇ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ತುಂಬಾ ಜನ 3 ತಿಂಗಳದ್ದು ಹಾಕುತ್ತಾರೆ. ಒಂದು ಅಂಗಡಿಯಲ್ಲಿ ತಿಂಗಳಿಗೆ 4 ಲಕ್ಷ, ದೀಪಾವಳಿ ತಿಂಗಳಲ್ಲಿ ಮಾತ್ರ 10 ಲಕ್ಷ ಮಾರಾಟ ಅಂತಿಟ್ಟುಕೊಳ್ಳಿ. 3 ತಿಂಗಳ ಸರಾಸರಿ 6 ಲಕ್ಷಕ್ಕೆ ಏರಿ, ಮೂರು ತಿಂಗಳು ಅಲ್ಲೇ ನಿಂತು, ಆಮೇಲೆ ದಬಕ್ಕನೆ 4ಕ್ಕೆ ಬೀಳುತ್ತದೆ. ಹಬ್ಬದ ಉಬ್ಬು ಹೋಗಲಿಲ್ಲ, ಅಗಲ ಆಯಿತು ಅಷ್ಟೇ.

12 ತಿಂಗಳದ್ದಾದರೆ ಪ್ರತಿ ಸಲವೂ ವರ್ಷದ ಎಲ್ಲ ತಿಂಗಳೂ ಒಂದೊಂದು ಸಲ ಲೆಕ್ಕಕ್ಕೆ ಬರುತ್ತವೆ. ಎಕ್ಸೆಲ್‌ನಲ್ಲಿ B2ರಿಂದ ಕೆಳಕ್ಕೆ ತಿಂಗಳ ಮಾರಾಟ ಇದ್ದರೆ, C13ರಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=AVERAGE(B2:B13)
```

ಮುಗಿಯದ ತಿಂಗಳನ್ನು ಸೇರಿಸಬೇಡಿ, ಗೆರೆ ಸುಮ್ನೆ ಬಾಗುತ್ತದೆ. ಹೊಸ ತಿಂಗಳು ಒಳಗೆ ಬಂದಾಗ ಹೋದ ವರ್ಷದ ಅದೇ ತಿಂಗಳು ಹೊರಗೆ ಹೋಗುತ್ತದೆ. ಹಾಗಾಗಿ ಹೋದ ವರ್ಷದ ಅದೇ ತಿಂಗಳಿಗಿಂತ ಜಾಸ್ತಿ ಮಾರಿದರೆ ಮಾತ್ರ ಗೆರೆ ಏರುತ್ತದೆ.

ಆದರೆ ನಮ್ಮ ಹಬ್ಬಗಳು ಇಂಗ್ಲಿಷ್ ಕ್ಯಾಲೆಂಡರ್ ಕೇಳುವುದಿಲ್ಲವಲ್ಲ! 2022ರ ದೀಪಾವಳಿ ಅಕ್ಟೋಬರ್ ಕೊನೆಯ ವಾರದಲ್ಲಿತ್ತು. 2023ರಲ್ಲಿ ಅಧಿಕ ಶ್ರಾವಣ ಬಂದು ನವೆಂಬರ್ 12ಕ್ಕೆ ಹೋಯಿತು. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ, ಅಂದರೆ ಬಟ್ಟೆ ಖರೀದಿ ಹೆಚ್ಚುಕಡಿಮೆ ಅಕ್ಟೋಬರ್‌ನಲ್ಲೇ ಮುಗಿದಿತ್ತು.

ಈಗ ಅದೇ 4 ಲಕ್ಷದ ಅಂಗಡಿ ನೋಡಿ. ಅದರ ಸರಾಸರಿ ಯಾವಾಗಲೂ 4.5 ಲಕ್ಷ ಇರಬೇಕು. 2023ರ ಅಕ್ಟೋಬರ್‌ಗೆ ಮುಗಿಯುವ 12 ತಿಂಗಳಲ್ಲಿ ದೀಪಾವಳಿಯೇ ಇಲ್ಲ, ಸರಾಸರಿ 4ಕ್ಕೆ ಇಳಿಯುತ್ತದೆ. 2024ರ ಅಕ್ಟೋಬರ್‌ಗೆ ಮುಗಿಯುವ 12 ತಿಂಗಳಲ್ಲಿ ಎರಡು ದೀಪಾವಳಿ, ಸರಾಸರಿ 5ಕ್ಕೆ ಏರುತ್ತದೆ. ವ್ಯಾಪಾರ ಒಂದು ರೂಪಾಯಿಯೂ ಬೆಳೆದಿಲ್ಲ. ಗ್ರಾಫ್ ನೋಡಿದವರು ಮಾತ್ರ ಒಂದು ವರ್ಷದಲ್ಲಿ ಕಾಲು ಭಾಗ ಬೆಳೆದಿದೆ ಅಂತ ಸ್ಟಾಕ್ ತರಿಸಿಬಿಡುತ್ತಾರೆ. ಸಾಲದ ಸ್ಟಾಕ್ ಆದರೆ ಬಡ್ಡಿ ಕಟ್ಟೋದು ಯಾರು?

ಇದನ್ನು ಗುರುತಿಸುವುದು ಸುಲಭ. ಹಬ್ಬ ಜಾರಿದ್ದರಿಂದ ಆದ ಏರಿಳಿತ ನವೆಂಬರ್ ಲೆಕ್ಕ ಸೇರಿದ ಕೂಡಲೇ ಹಳೆ ಮಟ್ಟಕ್ಕೆ ಬರುತ್ತದೆ. ನಿಜವಾದ ಬೆಳವಣಿಗೆಯಾದರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುತ್ತದೆ. ಅದಕ್ಕೇ ಅಕ್ಟೋಬರ್ ಚುಕ್ಕೆಯೊಂದನ್ನೇ ನೋಡಿ ನಾನು ಯಾರಿಗೂ ಏನೂ ಹೇಳುವುದಿಲ್ಲ. 2025ರಲ್ಲಿ ಹಬ್ಬ ಅಕ್ಟೋಬರ್ 20ಕ್ಕೆ, 2026ರಲ್ಲಿ ನವೆಂಬರ್ 8ಕ್ಕೆ. 2026ರ ಅಕ್ಟೋಬರ್‌ನಲ್ಲಿ ಗೆರೆ ಬಿದ್ದರೆ ಹೆದರಿ ಹುಡುಗರನ್ನು ಕೆಲಸದಿಂದ ತೆಗೆಯಬೇಡಿ, ನವೆಂಬರ್ ಮುಗಿಯಲಿ.