ಸೋಮವಾರ ದೀಪ, ಶುಕ್ರವಾರ ಸೂಜಿ

ಎಂಬಿಬಿಎಸ್ ಪಾಸಾದ ಹುಡುಗ ಹುಡುಗಿಯರು ಹೌಸ್ ಸರ್ಜನ್, ಅಂದರೆ ಇಂಟರ್ನ್ ಆಗಿ ಸೇರುವ ಹೊತ್ತಿಗೆ ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಒಂದು ವೇಳಾಪಟ್ಟಿ ಹೊರಬೀಳುತ್ತದೆ. ಮೊದಲ ವಾರದ ಓರಿಯೆಂಟೇಶನ್. ನನ್ನ ಫೋನಿಗೆ ಬಂದಿರುವುದು ಯಾವ ಕಾಲೇಜಿನದು ಅಂತ ಹೇಳುವುದಿಲ್ಲ, ಹೇಳಿದರೂ ಉಪಯೋಗವಿಲ್ಲ, ಯಾಕೆಂದರೆ ಬೇರೆ ಕಾಲೇಜಿನವರು ಓದಿದರೆ ‘ಅರೆ, ನಮ್ಮದು ಇವರ ಹತ್ತಿರ ಹೇಗೆ ಹೋಯ್ತು’ ಅನ್ನುತ್ತಾರೆ. ಓರೆಯಾಗಿ ಸ್ಕ್ಯಾನ್ ಆದ ಒಂದು ಹಾಳೆ. ಕೆಳಗೆ ಮೂರು ಸಹಿ, ಎರಡು ಸೀಲು.

ಸೋಮವಾರ ಬೆಳಿಗ್ಗೆ 9ಕ್ಕೆ ಪ್ರಾರ್ಥನೆ. 9.15ರಿಂದ 9.45 ದೀಪ ಬೆಳಗುವುದು. ಒಂದು ದೀಪಕ್ಕೆ ಅರ್ಧ ಗಂಟೆ ಯಾಕೆ ಅಂತ ಕೇಳಬೇಡಿ. ವೇದಿಕೆ ಮೇಲಿನ ಎಲ್ಲ ವಿಭಾಗದ ಮುಖ್ಯಸ್ಥರೂ ಒಂದೊಂದು ಬತ್ತಿ ಹಚ್ಚಬೇಕು, ಫ್ಯಾನ್ ಆಫ್ ಮಾಡಬೇಕು, ಆಫ್ ಮಾಡುವ ಸ್ವಿಚ್ ಯಾವುದು ಅಂತ ಗೊತ್ತಿರುವ ಅಟೆಂಡರ್ ಕಾಫಿ ತರಲು ಹೋಗಿರುತ್ತಾನೆ. ಆಮೇಲೆ ಸ್ವಾಗತ, ಪರಿಚಯ, ಹೂಗುಚ್ಛ, ‘ರಾಷ್ಟ್ರ ನಿರ್ಮಾಣದಲ್ಲಿ ಯುವ ವೈದ್ಯರ ಪಾತ್ರ’. ಮಧ್ಯಾಹ್ನ ಊಟ.

ಹಾಳೆಯ ನಿಜವಾದ ಸೊಗಸು ತಳದಲ್ಲಿದೆ, ಸಣ್ಣ ಅಕ್ಷರದಲ್ಲಿ: ‘ಇಂಟರ್ನ್‌ಗಳು ತಮ್ಮ ಯೂನಿಟ್ ಕರ್ತವ್ಯಕ್ಕೆ ಯಾವುದೇ ಅಡಚಣೆಯಾಗದಂತೆ ಸದರಿ ಕಾರ್ಯಕ್ರಮಕ್ಕೆ ಕಡ್ಡಾಯವಾಗಿ ಹಾಜರಾಗತಕ್ಕದ್ದು.’ ಅಂದರೆ ಬೆಳಿಗ್ಗೆ 8ಕ್ಕೆ ವಾರ್ಡಿನಲ್ಲಿ ರಕ್ತ ತೆಗೆಯುತ್ತಿರಬೇಕು, 9ಕ್ಕೆ ಆಡಿಟೋರಿಯಂನಲ್ಲಿ ರಕ್ತ ತೆಗೆಯುವುದು ಹೇಗೆ ಅಂತ ಕೇಳುತ್ತಿರಬೇಕು, ಅದೇ 9ಕ್ಕೆ ರೌಂಡ್ಸಿನಲ್ಲಿ ಎಂಡಿ ಓದುತ್ತಿರುವ ಪಿಜಿ ಹಿಂದೆ ಕೇಸ್ ಶೀಟ್ ಹಿಡಿದು ನಿಂತಿರಬೇಕು. ಎರಡೂ ಕಡೆ ಹಾಜರಿ ಉಂಟು. ಹುಡುಗರು ಜಾಣರು, ಐದು ಜನರ ಯೂನಿಟ್‌ನಿಂದ ಒಬ್ಬನನ್ನು ಆಡಿಟೋರಿಯಂಗೆ ಕಳಿಸುತ್ತಾರೆ, ಅವನು ಐದು ಸಹಿ ಹಾಕುತ್ತಾನೆ. ದಾಖಲೆ ಬರೆಯುವುದರ ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಮಂಗಳವಾರ ‘ವಾರ್ಡ್ ಪರಿಚಯ’. ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ಕಟ್ಟಡ ಯಾವಾಗ ಉದ್ಘಾಟನೆ ಆಯ್ತು, ಯಾರು ಬಂದಿದ್ದರು, ಎಷ್ಟು ಹಾಸಿಗೆ ಅಂತ ತೋರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಇಂಟರ್ನ್‌ಗೆ ಬೇಕಾಗುವುದು ಉದ್ಘಾಟನೆಯ ಕಲ್ಲಲ್ಲ, ರಕ್ತ ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ಹೋಗಬೇಕು ಅನ್ನುವುದು. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸುವ ಸಿಬಿಸಿಗೆ, ತಿಳಿ ನೀಲಿಯದ್ದು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ, ಅದನ್ನು ಗೆರೆಯವರೆಗೆ ತುಂಬಲೇಬೇಕು. ಕೆಂಪು ಅಥವಾ ಹಳದಿ ಮುಚ್ಚಳದ್ದು ಕಿಡ್ನಿ, ಲಿವರ್, ಎಲೆಕ್ಟ್ರೊಲೈಟ್‌ಗೆ.

ಇದನ್ನು ಯಾರೂ ಹೇಳಿರುವುದಿಲ್ಲ. ಆಗ ಏನಾಗುತ್ತದೆ ನೋಡಿ. ಹೊಸ ಹುಡುಗ ಅಜ್ಜಿಯ ಕೈಯಲ್ಲಿ ನಾಲ್ಕು ಸಲ ಚುಚ್ಚಿ, ಅಂತೂ ರಕ್ತ ಸಿಕ್ಕಿತು ಅಂತ ಖುಷಿಯಲ್ಲಿ ನೇರಳೆ ಟ್ಯೂಬನ್ನು ತುಂಬುತ್ತಾನೆ. ಹಳದಿಗೆ ಕಡಿಮೆ ಬಿದ್ದಿದೆ. ಮತ್ತೆ ಚುಚ್ಚುವ ಧೈರ್ಯವಿಲ್ಲ. ನೇರಳೆಯಿಂದ ಸ್ವಲ್ಪ ಹಳದಿಗೆ ಸುರಿಯುತ್ತಾನೆ, ಎಲ್ಲ ಒಂದೇ ಅಜ್ಜಿಯ ರಕ್ತ ತಾನೇ? ನೇರಳೆ ಟ್ಯೂಬಿನ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಪೊಟ್ಯಾಸಿಯಂ ಇಡಿಟಿಎ ಇರುತ್ತದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನಿಂದ ಫೋನ್ ಬರುತ್ತದೆ: ಪೊಟ್ಯಾಸಿಯಂ 9, ಕ್ಯಾಲ್ಸಿಯಂ 4. ನಿಜವಾಗಿ ಹಾಗಿದ್ದರೆ ಅಜ್ಜಿ ಎದ್ದು ಕೂತು ಮಗನಿಗೆ ಬೈಯುತ್ತಾ ಇರುತ್ತಿರಲಿಲ್ಲ. ಹಳೇ ಪಿಜಿ ಆದರೆ ಮೊದಲು ಒಂದು ಇಸಿಜಿ ತೆಗೆಸುತ್ತಾನೆ, ಸರಿ ಇದೆ, ಪೊಟ್ಯಾಸಿಯಂ ಏರಿದ್ದು ಕ್ಯಾಲ್ಸಿಯಂ ಇಳಿದದ್ದು ಜೊತೆಗೇ ಕಂಡರೆ ಟ್ಯೂಬಿನ ಕಥೆ ಅಂತ ಗೊತ್ತಾಗಿ ಹೊಸ ಸ್ಯಾಂಪಲ್ ಕಳಿಸುತ್ತಾನೆ. ಹೊಸ ಪಿಜಿ ಆದರೆ ಗಾಬರಿಯಲ್ಲಿ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್-ಡೆಕ್ಸ್ಟ್ರೋಸ್ ಹಾಕಿಸಿ, ಚೆನ್ನಾಗಿದ್ದ ಅಜ್ಜಿಯ ಸಕ್ಕರೆ ಇಳಿಸುತ್ತಾನೆ. ಇದನ್ನು ತಪ್ಪಿಸಲು ಬೇಕಾದದ್ದು ನರ್ಸಿಂಗ್ ಸ್ಟೇಷನ್‌ನಲ್ಲಿ ಸಿಸ್ಟರ್ ಜೊತೆ ಹತ್ತು ನಿಮಿಷ. ಆದರೆ ಸಿಸ್ಟರ್ ಹೆಸರು ಹಾಳೆಯಲ್ಲಿ ಎಲ್ಲೂ ಇಲ್ಲ. ಅವರಿಗೆ ಪ್ರೊಫೆಸರ್ ಅನ್ನುವ ಪದವಿ ಇಲ್ಲವಲ್ಲ!

ಬುಧವಾರ ‘ತುರ್ತು ಚಿಕಿತ್ಸಾ ವಿಭಾಗ’. ಒಂದೂವರೆ ಗಂಟೆಯ ಪಿಪಿಟಿ, ಅದರಲ್ಲಿ ಅಮೆರಿಕದ ಎಮರ್ಜೆನ್ಸಿ ರೂಮಿನ ಫೋಟೋಗಳು. 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಲ್ಲಿ 12 ತಿಂಗಳ ಇಂಟರ್ನ್‌ಶಿಪ್ಪಿಗೆ ಕ್ಯಾಶುವಾಲ್ಟಿ ಎರಡು ವಾರ. ಕೆಂಪು, ಹಳದಿ, ಹಸಿರು ಅಂತ ರೋಗಿಗಳನ್ನು ವಿಂಗಡಿಸುವುದು ಚೆನ್ನಾಗಿ ಹೇಳಿದರು. ನಮ್ಮ ಕ್ಯಾಶುವಾಲ್ಟಿಯಲ್ಲಿ ನಾಲ್ಕನೇ ಒಂದು ವರ್ಗ ಇದೆ, ‘ಯಾರು ಗೊತ್ತಾ ನಾನು’. ಅದು ಕೆಂಪಿಗಿಂತ ಮೊದಲು. ಅದರ ಸ್ಲೈಡ್ ಇರಲಿಲ್ಲ.

ಗೋಡೆ ಮೇಲೆ ವೈದ್ಯರ ಮೇಲೆ ಹಲ್ಲೆ ಮಾಡಿದರೆ ಜೈಲು ಅಂತ 2009ರ ಕರ್ನಾಟಕ ಕಾಯ್ದೆಯ ಬೋರ್ಡು ಇದೆ. ಅದರ ಕೆಳಗೆ ಸೆಕ್ಯೂರಿಟಿಯವರ ಕುರ್ಚಿ ಇದೆ. ಸೆಕ್ಯೂರಿಟಿಯವರು ವಿಐಪಿ ಗೇಟಿನಲ್ಲಿ ಇದ್ದಾರೆ.

ಗುರುವಾರ ‘ದಾಖಲೀಕರಣ’. ಇದರಲ್ಲಿ ಲಾಗ್‌ಬುಕ್ ಹೇಗೆ ತುಂಬಬೇಕು, ಎಲ್ಲಿ ಯಾರ ಸಹಿ, ನೀಲಿ ಇಂಕೋ ಕಪ್ಪೋ, ಬೈಂಡಿಂಗ್ ಯಾವ ಬಣ್ಣ ಅನ್ನುವುದೇ ಎರಡು ಗಂಟೆ. ಎಂಎಲ್‌ಸಿ ಅಂದರೆ ಪೊಲೀಸ್ ಕೇಸು ಆಗುವ ಗಾಯ, ಅದಕ್ಕೆ ಕೊನೆಯ ಐದು ನಿಮಿಷ. ‘ಅದನ್ನು ಡ್ಯೂಟಿಯಲ್ಲಿ ಕಲಿತುಕೊಳ್ಳುತ್ತೀರಿ’ ಅಂದರು. ಕಲಿಯುತ್ತಾರೆ. ತಲೆ ಒಡೆದುಕೊಂಡವನು ರಾತ್ರಿ ಬರುತ್ತಾನೆ, ಇಂಟರ್ನ್ ಮೊದಲು ಚೆನ್ನಾಗಿ ಹೊಲಿಗೆ ಹಾಕುತ್ತಾನೆ, ಆಮೇಲೆ ರಿಜಿಸ್ಟರ್ ತೆಗೆದು ‘ಕುಡಿದು ಬೈಕಿನಿಂದ ಬಿದ್ದಿದ್ದಾನೆ, ತಲೆಗೆ ಗಾಯ’ ಅಂತ ಬರೆಯುತ್ತಾನೆ. ಬಿದ್ದದ್ದನ್ನು ಇವನು ನೋಡಿದ್ದನೇ? ಬಂದವರು ಹಾಗೆ ಹೇಳಿದರು ಅಂತ ಬರೆಯಬೇಕು. ಕುಡಿದಿದ್ದಾನೆ ಅಂತ ತೀರ್ಪು ಕೊಡುವ ಬದಲು ಬಾಯಲ್ಲಿ ಮದ್ಯದ ವಾಸನೆ ಇತ್ತು, ಮಾತು ಹೀಗಿತ್ತು, ನಡಿಗೆ ಹೀಗಿತ್ತು ಅಂತ ಬರೆಯಬೇಕು. ಗಾಯ ಎಷ್ಟು ಉದ್ದ, ಅಗಲ, ಆಳ, ಅಂಚು ಹರಿದಂತಿದೆಯೋ ಕೊಯ್ದಂತಿದೆಯೋ ಅಂತ ರಕ್ತ ನಿಲ್ಲಿಸಿದ ಕೂಡಲೇ ನೋಡಿ ಅಳೆದುಬಿಡಬೇಕು, ಹೊಲಿದ ಮೇಲೆ ಅದು ಬರೀ ದಾರದ ಸಾಲು. ಎರಡು ಗುರುತಿನ ಮಚ್ಚೆ, ಎಡಗೈ ಹೆಬ್ಬೆಟ್ಟು, ಕರೆತಂದವರ ಹೆಸರು, ನೋಡಿದ ಸಮಯ, ಪೊಲೀಸರಿಗೆ ತಿಳಿಸಿದ ಸಮಯ.

ಇದರಲ್ಲಿ ಒಂದು ಬಿಟ್ಟರೂ ಆವತ್ತು ಏನೂ ಆಗುವುದಿಲ್ಲ. ವರ್ಷಗಳ ಮೇಲೆ, ಅವನು ಎಲ್ಲೋ ಎಂಡಿ ಮಾಡಿಕೊಂಡು ಮದುವೆಯಾಗಿ ಕ್ಲಿನಿಕ್ ಇಟ್ಟ ಮೇಲೆ ಸಮನ್ಸ್ ಬರುತ್ತದೆ. ಕಟಕಟೆಯಲ್ಲಿ ನಿಂತು ತನ್ನದೇ ಅಕ್ಷರ ಓದಲಾಗದೆ ಬೆವರುವಾಗ ವಕೀಲರು ಕೇಳುತ್ತಾರೆ: ‘ಡಾಕ್ಟ್ರೇ, ಕಲ್ಲಿಂದ ಹೊಡೆದರೆ ಇಂಥ ಗಾಯ ಆಗಲ್ವಾ?’ ಲಾಗ್‌ಬುಕ್ಕಿನ ಬೈಂಡಿಂಗ್ ಯಾವ ಬಣ್ಣ ಅಂತ ಯಾವ ವಕೀಲರೂ ಕೇಳುವುದಿಲ್ಲ.

ಈಗ ಶುಕ್ರವಾರಕ್ಕೆ ಬರೋಣ. ಸಂಜೆ 4.30ರಿಂದ 5. ವಿಷಯ: ‘ಸುರಕ್ಷತೆ: ಅಗ್ನಿ ಅವಘಡ, ಜೈವಿಕ ತ್ಯಾಜ್ಯ, ಸೂಜಿ ಗಾಯ, ಹಲ್ಲೆ ತಡೆ, ಮಾನಸಿಕ ಆರೋಗ್ಯ ಮತ್ತು ವಂದನಾರ್ಪಣೆ.’ ಆರಕ್ಕೂ ಸೇರಿ ಅರ್ಧ ಗಂಟೆ. ದೀಪಕ್ಕೆ ಕೊಟ್ಟಷ್ಟೇ, ತಾರತಮ್ಯ ಇಲ್ಲ.

ತೊಂದರೆ ಏನೆಂದರೆ ಸೂಜಿಗೆ ವೇಳಾಪಟ್ಟಿ ಓದಲು ಬರುವುದಿಲ್ಲ. ಬುಧವಾರ ರಾತ್ರಿ ಎರಡಕ್ಕೆ ಒಬ್ಬ ಹುಡುಗಿ, ಸೇರಿ ಮೂರನೇ ದಿನ, ರಕ್ತ ತೆಗೆದು ಸೂಜಿಗೆ ವಾಪಸ್ ಮುಚ್ಚಳ ಹಾಕಲು ಹೋದಳು. ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದು, ಹಾಗೇ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಆದರೆ ಬಿಳಿ ಡಬ್ಬಿ ವಾರ್ಡಿನ ಆ ತುದಿಯಲ್ಲಿ, ಅದೂ ಬಾಯಿವರೆಗೆ ತುಂಬಿ ಒಂದು ಸೂಜಿ ಹೊರಗೆ ಇಣುಕುತ್ತಿತ್ತು. ಮುಚ್ಚಳ ತಪ್ಪಿತು, ಎಡಗೈ ತೋರುಬೆರಳಿಗೆ ಸೂಜಿ ಹೋಯಿತು. ಗ್ಲವ್ಸ್ ಒಳಗೆ ಕೆಂಪು ಚುಕ್ಕೆ.

ಕೂಡಲೇ ಸಲಹೆಗಳು ಬಂದವು. ಒಬ್ಬ ಗೆಳೆಯ ಬೆರಳನ್ನು ಹಿಂಡು ಅಂದ. ಇನ್ನೊಬ್ಬ ಸ್ಪಿರಿಟ್ ಸುರಿ ಅಂದ. ಸಿಸ್ಟರ್ ಓಡಿ ಬಂದು, ‘ಹಿಂಡಬೇಡಿ ಮೇಡಂ, ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ತೊಳೀರಿ ಸಾಕು’ ಅಂದರು. ಆ ವಾರದ ಇಡೀ ಓರಿಯೆಂಟೇಶನ್‌ನಲ್ಲಿ ಸರಿಯಾದ ಹೊತ್ತಿಗೆ ಸಿಕ್ಕ ಪಾಠ ಅದೊಂದೇ.

ಮುಂದಿನ ಹೆಜ್ಜೆ ಎಚ್‌ಐವಿ ತಡೆಯುವ ಮಾತ್ರೆ. ಸಾಧ್ಯವಾದರೆ ಎರಡು ಗಂಟೆಯೊಳಗೆ ಮೊದಲ ಡೋಸು, 72 ಗಂಟೆ ದಾಟಿದರೆ ಕೊಡುವುದರಲ್ಲಿ ಅರ್ಥವಿಲ್ಲ. ಶುರು ಮಾಡಿದರೆ 28 ದಿನ. ರೋಗಿಯ ಒಪ್ಪಿಗೆ ಪಡೆದು ಅವರ ರಕ್ತ ಪರೀಕ್ಷೆಗೆ ಕಳಿಸಬೇಕು, ರಿಪೋರ್ಟು ತಡವಾಗುತ್ತದೆ ಅಂತ ಮೊದಲ ಡೋಸು ನಿಲ್ಲಿಸಬಾರದು, ಬೇಡವೆಂದಾದರೆ ಆಮೇಲೆ ಬಿಡಬಹುದು. ಇಂಥ ಒಂದು ಚುಚ್ಚಿನಿಂದ ಎಚ್‌ಐವಿ ಹತ್ತುವ ಸಾಧ್ಯತೆ ಸುಮಾರು 0.3 ಶೇಕಡಾ. ಲಸಿಕೆ ಫಲಿಸದವರಿಗೆ ಹೆಪಟೈಟಿಸ್ ಬಿ ಹತ್ತುವ ಸಾಧ್ಯತೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹುಡುಗಿ ಮೂರು ಡೋಸು ಲಸಿಕೆ ಹಾಕಿಸಿಕೊಂಡಿದ್ದಾಳೆ, ಫಲಿಸಿತೋ ಇಲ್ಲವೋ ಅಂತ ಆಮೇಲೆ ರಕ್ತದಲ್ಲಿ ಆ್ಯಂಟಿಬಾಡಿ ಮಟ್ಟ ನೋಡಬೇಕಿತ್ತು, 10ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. ಯಾರೂ ನೋಡಿಲ್ಲ. ಲಸಿಕೆ ಹಾಕಿಸಿದ್ದರ ಫೋಟೋ ಮಾತ್ರ ಕಾಲೇಜಿನ ವಾರ್ಷಿಕ ವರದಿಯಲ್ಲಿದೆ.

ಮಾತ್ರೆ ಎಲ್ಲಿ? ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನಲ್ಲಿ, ಅದು ಸಂಜೆಗೇ ಮುಚ್ಚಿದೆ. ರಾತ್ರಿಗೆ ಅಂತಲೇ ಕ್ಯಾಶುವಾಲ್ಟಿಯ ಬೀರುವಿನಲ್ಲಿ ಒಂದಷ್ಟು ಇಟ್ಟಿದ್ದಾರೆ. ಬೀರುವಿಗೆ ಬೀಗ ಇದೆ. ಕೀ ಡೇ ಡ್ಯೂಟಿಯವರ ಹತ್ತಿರ. ಡೇ ಡ್ಯೂಟಿಯವರು ಮನೆಯಲ್ಲಿ, ಫೋನ್ ಸೈಲೆಂಟಿನಲ್ಲಿ. ಕೊನೆಗೆ ಬೀರುವಿನ ಬೀಗ ತೆಗೆದದ್ದು ವಾರ್ಡ್ ಬಾಯ್, ಹೇಗೆ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮಾತ್ರೆ ನುಂಗಿದಳು.

ಬೆಳಿಗ್ಗೆ ಫಾರಂ ತುಂಬಬೇಕು. ಸೂಜಿ ಗಾಯದ ವರದಿ, ಎರಡು ಪ್ರತಿ. ಹೇಗಾಯ್ತು, ಯಾವ ಸೂಜಿ, ಗ್ಲವ್ಸ್ ಇತ್ತೋ. ಒಂಬತ್ತನೇ ಕಾಲಂ: ‘ಸುರಕ್ಷತಾ ತರಬೇತಿ ಪಡೆದ ದಿನಾಂಕ’. ಅವಳು ಪ್ರಾಮಾಣಿಕವಾಗಿ ‘ನಾಳೆ’ ಅಂತ ಬರೆದಳು. ಗುಮಾಸ್ತರು ಫಾರಂ ವಾಪಸ್ ಕೊಟ್ಟರು. ‘ಹಿಂಗೆಲ್ಲ ಬರೀಬಾರದು ಮೇಡಂ, ಆಡಿಟ್‌ನಲ್ಲಿ ಸಿಕ್ಕಿಬೀಳ್ತೀವಿ. ಸೋಮವಾರದ ಡೇಟ್ ಹಾಕಿ. ಉದ್ಘಾಟನೆಗೆ ಬಂದಿದ್ರಲ್ಲ?’

ಶುಕ್ರವಾರ ಸಂಜೆ ಸುರಕ್ಷತೆಯ ತರಗತಿ ಸಮಯಕ್ಕೆ ಸರಿಯಾಗಿ ಶುರುವಾಯಿತು. ಸೂಜಿ ಗಾಯದ ಸ್ಲೈಡಿಗೆ ಬರುವ ಹೊತ್ತಿಗೆ ಐದಕ್ಕೆ ಎರಡು ನಿಮಿಷ, ‘ಇದನ್ನು ಗ್ರೂಪಿಗೆ ಹಾಕುತ್ತೇವೆ, ಓದಿಕೊಳ್ಳಿ’ ಅಂದರು. ಆ ಹುಡುಗಿ ಆಗ ಎಆರ್‌ಟಿ ಸೆಂಟರಿನ ಮುಂದೆ ಉಳಿದ ಮಾತ್ರೆಗೆ ಕ್ಯೂ ನಿಂತಿದ್ದಳು. ಶನಿವಾರ ಅವಳ ಕೈಗೆ ನೋಟಿಸ್ ಬಂತು: ಸುರಕ್ಷತಾ ತರಗತಿಗೆ ಗೈರುಹಾಜರಾದ ಬಗ್ಗೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಇಂಟರ್ನ್‌ಶಿಪ್ ಒಂದು ದಿನ ಮುಂದಕ್ಕೆ ಹೋಗುತ್ತದೆ.