ಹಾರ್ಮೋನ್ ವಂಕಿ: ಮುಟ್ಟು ನಿಂತರೆ ರಕ್ತ ಎಲ್ಲಿ ಹೋಗುತ್ತದೆ?

"ಹಾರ್ಮೋನ್ ವಂಕಿ ಹಾಕಿಸಿದ್ರೆ ಮುಟ್ಟು ನಿಂತು, ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡು ಗಡ್ಡೆ ಆಗುತ್ತೆ" – ತುಮಕೂರಿನ ನಮ್ಮ ವಾಟ್ಸಾಪ್ ಗುಂಪಿಗೆ ಬಂದದ್ದು.

ತಪ್ಪು. ಒಳಗೆ ಕಟ್ಟಿಕೊಳ್ಳಲು ರಕ್ತವೇ ಇರುವುದಿಲ್ಲ. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಈ ವಂಕಿಯಿಂದ ದಿನಾ ಚೂರುಚೂರೇ ಹೊರಬರುವ ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಗರ್ಭಕೋಶದ ಒಳಪದರ ದಪ್ಪ ಆಗದಂತೆ ತಡೆಯುತ್ತದೆ, ಆ ಪದರ ಬೆಳೆಯದಿದ್ದರೆ ಉದುರುವುದಾದರೂ ಏನು, ಅಲ್ವಾ?

ಆದರೆ ಇದು ಒಂದೇ ದಿನಕ್ಕೆ ಆಗುವುದಿಲ್ಲ. ಪದರ ತೆಳುವಾಗುವ ಮೊದಲ 3ರಿಂದ 6 ತಿಂಗಳು ಹೊತ್ತುಗೊತ್ತಿಲ್ಲದೆ ರಕ್ತದ ಕಲೆ ಕಾಣಿಸುತ್ತದೆ. ಗುಬ್ಬಿಯ ನಮ್ಮ ಅತ್ತಿಗೆಗೆ ಮೊದಲ ತಿಂಗಳು 18 ದಿನ ಹಾಗೇ ಆಗಿ, ಸುಮ್ನೆ ತೆಗೆಸಿಬಿಡ್ತೀನಿ ಅಂತ ಕೂತಿದ್ದರು. ಐದನೇ ತಿಂಗಳಿಗೆ ನಾಲ್ಕೇ ದಿನಕ್ಕೆ ಇಳಿಯಿತು, ಹತ್ತನೇ ತಿಂಗಳಿಗೆ ನಿಂತೇಹೋಯಿತು. ಎಲ್ಲರಿಗೂ ನಿಲ್ಲುವುದಿಲ್ಲ; 52 ಮಿಲಿಗ್ರಾಂ ಹಾರ್ಮೋನ್ ಇರುವ ವಂಕಿಯಲ್ಲಿ ವರ್ಷದ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ, ಉಳಿದ ಹೆಚ್ಚಿನವರಿಗೆ ಕಮ್ಮಿ ಆಗುತ್ತದೆ. ತೆಗೆಸಿದ ಮೇಲೆ ಪದರ ಮತ್ತೆ ಬೆಳೆದು ಮುಟ್ಟು ವಾಪಸ್ ಬರುತ್ತದೆ.

ಕಮ್ಮಿಯಾಗಿದ್ದ ರಕ್ತ ಮತ್ತೆ ಜೋರಾಗಿ ಹೋದರೆ ಅಥವಾ ವಂಕಿಯ ದಾರ ಕೈಗೆ ಸಿಗದಿದ್ದರೆ ಅದು ಜಾರಿರಬಹುದು, ತೋರಿಸಿ. ಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ ಅವತ್ತೇ ಹೋಗಿ. ನಿಯಮಿತವಾಗಿದ್ದ ಮುಟ್ಟು ಥಟ್ಟನೆ ನಿಂತರೆ ಒಮ್ಮೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ.