ಕೆನಾಲ್, ಕೆನಾಲು, ಕ್ಯಾನಲ್: ಒಂದು ಪುಸ್ತಕಕ್ಕೆ ಒಂದೇ ರೂಪ ಸಾಕೇ?

ಗಂಗಾವತಿ ತಾಲ್ಲೂಕಿನ ಒಂದು ನೀರು ಬಳಕೆದಾರರ ಸಂಘ ತನ್ನ ನೆನಪಿನ ಪುಸ್ತಕ ತರಲು ಹೊರಟಿತು. ವರದಿ, ಹಳೆಯ ಠರಾವು, ಹಿರಿಯ ರೈತರ ಮಾತು ಎಲ್ಲ ಸೇರಿ ನೂರು ಪುಟದಷ್ಟು ಬರಹವಾಯಿತು. ಟೈಪ್ ಮಾಡಿದವರು ನಾಲ್ಕು ಜನ. ಅದರ ಕರಡು ತಿದ್ದಿದವರಿಗೂ ರೈತರ ಮಾತು ಬರೆದುಕೊಂಡವರಿಗೂ ಒಮ್ಮತ ಆಗಲಿಲ್ಲ. ಇಬ್ಬರೂ ತಮ್ಮ ವಾದವನ್ನು ಬರೆದುಕೊಟ್ಟಿದ್ದಾರೆ.

ಪರ: ಎಲ್ಲವೂ ಒಂದೇ ರೂಪಕ್ಕೆ ಬರಬೇಕು

ನಾನು ಬಳ್ಳಾರಿಯಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಈ ಕಡತ ತೆರೆದ ದಿನ ‘ಸಂಘ’ ಎಂದು ಹುಡುಕಿದೆ. ಪುಟಪುಟದಲ್ಲೂ ಇರುವ ಪದ, ಆದರೆ ಮೂರನೆಯ ಅಧ್ಯಾಯದಲ್ಲಿ ಒಂದೂ ಸಿಗಲಿಲ್ಲ. ಅದನ್ನು ಟೈಪ್ ಮಾಡಿದವರು ಅನುಸ್ವಾರ ಹಾಕಬೇಕಾದ ಕಡೆಯೆಲ್ಲ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದರು. ಅಚ್ಚಿನಲ್ಲಿ ಎರಡೂ ಸೊನ್ನೆಯಂತೆಯೇ ಕಾಣುತ್ತವೆ, ಕಣ್ಣು ಮೋಸ ಹೋಗುತ್ತದೆ. ಯೂನಿಕೋಡಿನಲ್ಲಿ ಮಾತ್ರ ಅನುಸ್ವಾರ U+0C82, ಸೊನ್ನೆ U+0CE6. ನಾಳೆ ಸಂಘದ ಹುಡುಗರು ಈ ಪುಸ್ತಕವನ್ನು ಫೋನಿನಲ್ಲಿ ತೆರೆದು ತಮ್ಮ ಊರಿನ ಹೆಸರು ಹುಡುಕಿದರೆ, ಇದ್ದ ಪುಟವೂ ಇಲ್ಲದಂತಾಗುತ್ತದೆ. ಲಿಬ್ರೆ ಆಫೀಸಿನ ಹುಡುಕಿ-ಬದಲಿಸುವ ಕಿಟಕಿಯಲ್ಲಿ Regular expressions ಆಯ್ಕೆ ಮಾಡಿಕೊಂಡು ಹೀಗೆ ಸರಿಪಡಿಸಿದೆ:

```
Find:     ([\u0C85-\u0CCC])\u0CE6
Replace:  $1ಂ
```

ಅಕ್ಷರದ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನು ಮಾತ್ರ ಇದು ಹಿಡಿಯುತ್ತದೆ. ೧೦, ೧೯೫೩ರಂಥ ಸಂಖ್ಯೆಗಳನ್ನು ಮುಟ್ಟುವುದಿಲ್ಲ. ‘ಎ೦೧’ ಎಂಬಂಥ ಕಡತದ ಸಂಖ್ಯೆ ಇದ್ದರೆ ಅದು ಕೆಡುತ್ತದೆ, ಹಾಗಾಗಿ ಒಂದೊಂದನ್ನೇ ನೋಡಿ ಒಪ್ಪುತ್ತ ಹೋಗಬೇಕು.

ಇಂಗ್ಲಿಷ್ ಪದಗಳದು ಇನ್ನೂ ದೊಡ್ಡ ಗೋಳು. ‘ಬ್ಯಾಂಕ್‌ಗೆ’, ‘ಬ್ಯಾಂಕ್ಗೆ’, ‘ಬ್ಯಾಂಕಿಗೆ’ ಮೂರೂ ಈ ಕಡತದಲ್ಲಿದ್ದವು. ಮೊದಲನೆಯದರಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಗುರುತು, U+200C, ಇದೆ. ಎರಡನೆಯದರಲ್ಲಿ ಅದು ಬಿದ್ದುಹೋಗಿ ಗಕಾರ ಕಕಾರದ ಕೆಳಗೆ ಸೇರಿದೆ. ಕಡತ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಈ ಗುರುತು ಕಳೆದುಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ನನ್ನ ನಿಯಮ ಹೀಗಿದೆ: ವಿಭಕ್ತಿ ಹತ್ತಿದ ಕೂಡಲೇ ಪದ ಕನ್ನಡದ ಹಾಗೆ ಬಾಗಬೇಕು. ಬ್ಯಾಂಕಿಗೆ, ಮೋಟಾರಿನ, ಡ್ಯಾಮಿನಲ್ಲಿ. ಬಾಯಲ್ಲಿ ನಾವು ಹೇಳುವುದೂ ಹೀಗೆಯೇ, ಕಾಣದ ಗುರುತಿನ ಹಂಗೂ ಇಲ್ಲ.

ಹೀಗೆ ತೀರ್ಮಾನಿಸಿದ್ದನ್ನು ಒಂದು ಹಾಳೆಯಲ್ಲಿ ಬರೆಯುತ್ತೇನೆ: ಎಡಕ್ಕೆ ಸಿಕ್ಕ ರೂಪಗಳು, ಬಲಕ್ಕೆ ಒಪ್ಪಿದ ರೂಪ. ಟ್ರಾಕ್ಟರ್, ಟ್ಯಾಕ್ಟರ್, ಟ್ರ್ಯಾಕ್ಟರು ಇದ್ದಲ್ಲಿ ‘ಟ್ರ್ಯಾಕ್ಟರ್’. ಇಂಗ್ಲಿಷ್ ಅಕ್ಷರದಿಂದ ಮರಳಿ ಬರೆದ ‘ಹಾಸ್ಪೇಟ್’ ಇದ್ದಲ್ಲಿ ‘ಹೊಸಪೇಟೆ’. ಕೆನಾಲ್, ಕೆನಾಲು, ಕ್ಯಾನಲ್, ಕೆನಲ್ ಎಂದು ನಾಲ್ಕು ಬಗೆ ಸಿಕ್ಕವು. ನಮ್ಮದೇ ಪದ ಇರುವಾಗ ಇವ್ಯಾಕೆ ಎಂದು ಎಲ್ಲಕ್ಕೂ ‘ಕಾಲುವೆ’ ಎಂದು ಬರೆದೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಗುಂಡಿಯನ್ನು ಮಾತ್ರ ಒತ್ತಬಾರದು. ‘ಡ್ಯಾಂ’ ಇದ್ದಲ್ಲಿ ‘ಡ್ಯಾಮ್’ ಹಾಕು ಎಂದರೆ ‘ಡ್ಯಾಂನ’ ಎಂಬುದು ‘ಡ್ಯಾಮ್ನ’ ಆಗಿ ಕೂರುತ್ತದೆ.

ಸಂಧಿಯ ತಪ್ಪುಗಳಿಗೆ ಪಟ್ಟಿ ಸಾಲದು, ಪದವನ್ನು ಬಿಡಿಸಿ ನೋಡಬೇಕು. ವರದಿಯಲ್ಲಿ ‘ಕೋಟ್ಯಾಂತರ ರೂಪಾಯಿ’ ಎಂದಿತ್ತು. ಕೋಟಿ, ಅಂತರ ಸೇರುವಾಗ ಇಕಾರದ ಜಾಗಕ್ಕೆ ಯಕಾರ ಬರುತ್ತದೆ, ಮುಂದಿನ ಅಕಾರ ಹ್ರಸ್ವವಾಗಿಯೇ ಉಳಿಯುತ್ತದೆ: ಕೋಟ್ಯಂತರ. ‘ಲಕ್ಷಾಂತರ’ದಲ್ಲಿ ಎರಡು ಅಕಾರ ಕೂಡಿ ದೀರ್ಘವಾದದ್ದನ್ನು ಕೇಳಿ ಕೇಳಿ ಇಲ್ಲಿಯೂ ದೀರ್ಘ ಎಳೆಯುತ್ತೇವೆ. ‘ಜಾತ್ಯಾತೀತ’ವೂ ಇದೇ ತಪ್ಪು, ಸರಿಯಾದದ್ದು ಜಾತ್ಯತೀತ. ನೂರು ಪುಟದಲ್ಲಿ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಇದ್ದರೆ ಓದುವ ಮಗು ಯಾವುದನ್ನು ಕಲಿಯಬೇಕು?

ವಿರೋಧ: ತಪ್ಪು ತಿದ್ದಿ, ಮಾತನ್ನು ತಿದ್ದಬೇಡಿ

ನಾನು ಕೊಪ್ಪಳದವಳು. ಈ ಪುಸ್ತಕದ ಎರಡನೆಯ ಭಾಗದಲ್ಲಿ ಹಿರಿಯರು ಆಡಿದ ಮಾತನ್ನು ಅವರ ಕಟ್ಟೆಯ ಮೇಲೆ ಕೂತು ಬರೆದುಕೊಂಡವಳು. ಅನುಸ್ವಾರದ ಜಾಗದ ಸೊನ್ನೆಯನ್ನು ತೆಗೆದದ್ದಕ್ಕೆ ಕರಡು ತಿದ್ದಿದವರಿಗೆ ಋಣಿ. ಕೋಟ್ಯಂತರದ ಬಗ್ಗೆಯೂ ತಕರಾರಿಲ್ಲ. ನನ್ನ ಜಗಳ ಇರುವುದು ಅವರ ಹಾಳೆಯ ಒಂದೇ ಸಾಲಿನ ಜೊತೆ, ಕೆನಾಲಿನ ಸಾಲು.

ಒಬ್ಬ ಅಜ್ಜ ಹೇಳಿದ್ದು ಹೀಗೆ: “ಕೆನಾಲ್ ಬಂದ ಮ್ಯಾಲ ಕಾಲುವಿ ಕಡೆ ಯಾರೂ ನೋಡಲಿಲ್ಲ.” ತಿದ್ದಿದ ಕರಡಿನಲ್ಲಿ ಅದು “ಕಾಲುವೆ ಬಂದ ಮೇಲೆ ಕಾಲುವೆ ಕಡೆ ಯಾರೂ ನೋಡಲಿಲ್ಲ” ಎಂದಾಗಿತ್ತು. ಓದಿ ನನಗೆ ಹೊಟ್ಟೆ ಉರಿಯಿತು. ಆನೆಗೊಂದಿ, ಗಂಗಾವತಿ ಸೀಮೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ಹರಿಯುತ್ತವೆ. ಅಜ್ಜನ ಬಾಯಲ್ಲಿ ‘ಕಾಲುವಿ’ ಎಂದರೆ ಅವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಬಂದ ಎಡದಂಡೆಯ ನೀರು ‘ಕೆನಾಲ್’. ಎರಡು ಪದ, ಎರಡು ಕಾಲ, ಎರಡು ನೀರು. ಪಟ್ಟಿ ಮಾಡಿದವರಿಗೆ ಕೆನಾಲ್ ಎಂಬುದು ಕಾಲುವೆಯ ಇಂಗ್ಲಿಷ್ ಹೆಸರಾಗಿ ಕಂಡಿತು. ಆ ಸೀಮೆಯವರಿಗೆ ಅದು ಬೇರೆ ವಸ್ತುವಿನ ಹೆಸರು. ಕೆನಾಲು, ಕ್ಯಾನಲ್, ಕೆನಲ್ ಎಂಬುವನ್ನು ಒಂದು ‘ಕೆನಾಲ್’ ಮಾಡಲಿ, ಒಪ್ಪುತ್ತೇನೆ, ಅದು ಬರವಣಿಗೆಯ ವ್ಯತ್ಯಾಸ. ಕೆನಾಲನ್ನು ಕಾಲುವೆ ಮಾಡಿದಾಗ ಬದಲಾದದ್ದು ಸಾಕ್ಷಿ.

ಎಲ್ಲಿ ನಿಲ್ಲಬೇಕು ಎಂದು ತಿಳಿಯಲು ನಾನು ಒಂದು ಕೆಲಸ ಮಾಡುತ್ತೇನೆ. ಎರಡು ರೂಪಗಳೂ ಒಬ್ಬರದೇ ಮಾತಿನಲ್ಲಿ, ಹತ್ತಿರ ಹತ್ತಿರದ ವಾಕ್ಯಗಳಲ್ಲಿ ಬಂದಿವೆಯೇ ಎಂದು ನೋಡುತ್ತೇನೆ. ಬಂದಿದ್ದರೆ ಆ ಮನುಷ್ಯ ಬೇಕೆಂದೇ ಬೇರೆ ಮಾಡಿರಬಹುದು, ಹೋಗಿ ಕೇಳಬೇಕು. ಒಂದು ರೂಪ ಒಬ್ಬರು ಟೈಪ್ ಮಾಡಿದ ಪುಟಗಳಲ್ಲಿ ಮಾತ್ರ, ಇನ್ನೊಂದು ಇನ್ನೊಬ್ಬರ ಪುಟಗಳಲ್ಲಿ ಮಾತ್ರ ಇದ್ದರೆ ಅದು ಬಹುಮಟ್ಟಿಗೆ ಟೈಪ್ ಮಾಡಿದ ಕೈಯ ವ್ಯತ್ಯಾಸ. ಧೈರ್ಯವಾಗಿ ಒಂದು ಮಾಡಬಹುದು. ಕೆನಾಲ್, ಕಾಲುವಿ ಒಂದೇ ಉಸಿರಿನಲ್ಲಿ ಬಂದಿದ್ದವು.

ಸಂಧಿಯಲ್ಲೂ ಹೀಗೇ ಒಂದು ಎಡವಟ್ಟು ಆಗಿದೆ. “ನೀರು ಇಲ್ಲ, ನೀರೇ ಇಲ್ಲ” ಎಂದು ಒಬ್ಬ ತಾಯಿ ಬಿಡಿಸಿ ಬಿಡಿಸಿ ಹೇಳಿದ್ದರು. ಕರಡಿನಲ್ಲಿ “ನೀರಿಲ್ಲ, ನೀರೇ ಇಲ್ಲ” ಎಂದಾಯಿತು. ‘ಮಾಡ ಬೇಕು’ ಎಂದು ಒಡೆದದ್ದನ್ನು ಕೂಡಿಸುವುದು ಸರಿ, ಅದು ತಪ್ಪು. ಆದರೆ ‘ನೀರು ಇಲ್ಲ’ ತಪ್ಪಲ್ಲ. ಎರಡು ಪದಗಳ ನಡುವೆ ಸಂಧಿ ಮಾಡುವುದು ಬಿಡುವುದು ಹೇಳುವವರ ಇಷ್ಟ, ಬಿಡಿಸಿದಾಗ ಒತ್ತು ಬೀಳುತ್ತದೆ. ಆ ತಾಯಿ ಒತ್ತಿ ಹೇಳಿದ್ದೇ ಅದಕ್ಕೆ.

ಠರಾವುಗಳನ್ನಂತೂ ಮುಟ್ಟಲೇಬಾರದಿತ್ತು. ಅವು ಸಹಿ ಬಿದ್ದ ಕಾಗದಗಳು. ಅಲ್ಲಿ ‘ತಹಸೀಲದಾರ’ ಎಂದಿದ್ದರೆ ಹಾಗೇ ಇರಬೇಕು. ಕೊಪ್ಪಳ, ರಾಯಚೂರು ಸೀಮೆ 1956ಕ್ಕೆ ಮೊದಲು ಹೈದರಾಬಾದಿಗೆ ಸೇರಿತ್ತು, ಬಳ್ಳಾರಿ 1953ರ ವರೆಗೆ ಮದ್ರಾಸಿನ ಕಡೆ ಇತ್ತು. ಕಚೇರಿಯ ಭಾಷೆ ನಮ್ಮಲ್ಲಿ ಬೇರೆ ದಾರಿಯಿಂದ ಬಂತು, ಅದರ ಗುರುತು ಈ ಕಾಗದಗಳಲ್ಲಿದೆ. ಹೆಸರುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಪಹಣಿಯಲ್ಲಿ ‘ಬಸಪ್ಪ’ ಎಂದಿದ್ದವರನ್ನು ಪುಸ್ತಕ ‘ಬಸವಪ್ಪ’ ಎಂದು ಶುದ್ಧ ಮಾಡಿದರೆ, ನಾಳೆ ಅವರ ಮಗ ಈ ಪುಟ ಹಿಡಿದು ಕಚೇರಿಗೆ ಹೋದಾಗ ಇದು ನಿಮ್ಮ ತಂದೆಯಲ್ಲ ಎನ್ನುತ್ತಾರೆ.

ಹಾಗಾಗಿ ನಾನು ಕಡತವನ್ನು ಮೂರು ಮಾಡಿ ಕಳಿಸಿದ್ದೇನೆ. ವರದಿಯ ಭಾಗಕ್ಕೆ ಅವರ ಹಾಳೆ ಪೂರ್ತಿ ನಡೆಯಲಿ. ಹಿರಿಯರ ಮಾತಿನಲ್ಲಿ ಕಾಣದ ಗುರುತು, ಸೊನ್ನೆ, ಟೈಪಿನ ತಪ್ಪು ಇಷ್ಟನ್ನೇ ತಿದ್ದಲಿ. ಠರಾವುಗಳನ್ನು ಮೂಲದ ಜೊತೆ ಅಕ್ಷರ ಅಕ್ಷರ ಹೋಲಿಸಿ ಮರಳಿ ಇದ್ದಂತೆ ಮಾಡಲಿ. ಅಜ್ಜನ ಆ ವಾಕ್ಯದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇದ್ದಂತೆ ಬಿಡಿ’ ಎಂದು ಬರೆದಿದ್ದೇನೆ.